ದಾಖಲೆಯಲ್ಲಿ ಹೊಡೆದುಹಾಕಿದ ಪದ

ನನ್ನ ಕೂದಲು ಗುಂಗುರು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕವಳಿದ್ದಾಗ ಬಬಲೇಶ್ವರದ ನಮ್ಮ ಮನೆಯಲ್ಲಿ ಆಯಿ, ಅಂದರೆ ಅಜ್ಜಿ, ಎಣ್ಣೆ ಹಚ್ಚಿ, ಹಣಿಗೆ ಸಿಕ್ಕಿಹಾಕಿಕೊಂಡಾಗ ಬೈದು, ಕೊನೆಗೆ ಮಾತ್ರ "ನಮ್ಮವ್ವನ ಕೂದಲಾ ಬಂದಾವ ಈಕಿಗೆ" ಎಂದು ಹಿಗ್ಗುತ್ತಿದ್ದಳು. ಮೈಬಣ್ಣವೂ ಆಯಿಯ ಅವ್ವನದೇ, ಹಂಚಿನ ತಳದ ಬಣ್ಣ. ಅದಕ್ಕೂ ಮನೆಯಲ್ಲಿ ಒಳ್ಳೆಯ ಹೆಸರೇ ಇತ್ತು, ಕೃಷ್ಣನ ಬಣ್ಣ ಅಂತ. ಇದೇ ಕೂದಲು, ಇದೇ ಬಣ್ಣ ಇನ್ನೊಬ್ಬಳ ಮೈಮೇಲೆ ಇದ್ದಾಗ ಅದಕ್ಕೆ ಬೇರೆ ಹೆಸರು ಬೀಳುತ್ತದೆ ಎಂದು ನನಗೆ ಗೊತ್ತಾದದ್ದು ಎಪ್ಪತ್ತರ ದಶಕದ ನಡುವೆ, ವಿಜಾಪುರದಲ್ಲಿ. ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ, ಮುಕ್ಕಾಲು ಪಾಲು ನನ್ನ ಮೇಲೆಯೇ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನನ್ನ ಸೋದರತ್ತೆ ಮತ್ತು ಮಾವನದೊಂದು ಖಾನಾವಳಿ ಇತ್ತು. ನಾನು ಅವರ ಮನೆಯಲ್ಲಿದ್ದು ಬಿ.ಎ. ಓದುತ್ತಿದ್ದೆ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಅಡಿಗೆಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವುದು, ಸಂಜೆ ಅದೇ ಒಲೆಯ ಬೆಳಕಿನಲ್ಲಿ ಓದು. ಆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಟಿಕೋಟಾದಿಂದ ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುತ್ತಿದ್ದಳು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಇದ್ದವಳು ಒಬ್ಬಳೇ ಮಗಳು. ಅಕ್ಕ ರೊಟ್ಟಿ ಬಡಿಯುವ ಸಪ್ಪಳ ಹೊರಗೆ ಕೂತವರಿಗೂ ಗೊತ್ತಿತ್ತು. ಆಕೆ ಬರದ ದಿನ "ಇವತ್ತ ಯಾರೋ ಬ್ಯಾರೇದವರು ಕೂತಾರ" ಎಂದು ಉಣ್ಣಲು ಬಂದವರು ರೊಟ್ಟಿ ಬಾಯಿಗಿಡುವ ಮೊದಲೇ ಹೇಳಿಬಿಡುತ್ತಿದ್ದರು. ಅಷ್ಟು ಒಳ್ಳೆಯ ಕೈ.

ಕೈ ಒಳಗಿತ್ತು, ಮುಖ ಹೊರಗೆ ಕಾಣುತ್ತಿರಲಿಲ್ಲ. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ.

ಆ ಬೇಸಿಗೆಯಲ್ಲಿ ಪಂಕ್ತಿಗೆ ಬಡಿಸುತ್ತಿದ್ದ ಮುದುಕಿ ಕೆಲಸ ಬಿಟ್ಟು ಸೊಲ್ಲಾಪುರದ ಮಗಳ ಮನೆಗೆ ಹೋದಳು. ಬಡಿಸುವವರಿಗೆ ಇರಲಿಕ್ಕೆ ಹಿತ್ತಲಲ್ಲಿ ಒಂದು ಖೋಲಿ ಕೊಡುವುದು ನಮ್ಮ ಖಾನಾವಳಿಯ ರೂಢಿ. ಆ ಖೋಲಿಯ ಮೇಲೆ ಅಕ್ಕನ ಕಣ್ಣು ಬಿತ್ತು. ಮಗಳು ಏಳನೆಯ ಇಯತ್ತೆ ಮುಗಿಸಿದ್ದಳು. ಖೋಲಿ ಸಿಕ್ಕರೆ ಹುಡುಗಿ ನಗರದ ಹೈಸ್ಕೂಲು ಸೇರುತ್ತಿದ್ದಳು. ಸಿಗದಿದ್ದರೆ ಮೈದುನನ ಮನೆಯೇ ಗತಿ, ಆ ಮೈದುನ "ಜೂನ್ ತಿಂಗಳಿನಿಂದ ಹುಡುಗಿ ಹೊಲಕ್ಕ ಬರಲಿ, ಸಾಲಿ ಸಾಕು" ಎಂದು ಹೇಳಿ ಆಗಿತ್ತು. ಅಕ್ಕ ನಾಚುತ್ತ ನಾಚುತ್ತ ಅತ್ತೆಯ ಮುಂದೆ ಮಾತು ತೆಗೆದಳು. "ಅಕ್ಕಾರ, ಬಡಿಸೂ ಕೆಲಸಾ ನಂಗ ಕೊಡ್ರಿ. ರೊಟ್ಟೀನೂ ನಾನ ಬಡೀತೇನಿ. ಎರಡೂ ಮಾಡ್ತೇನಿ."

ಈಗ ನಮ್ಮ ಅತ್ತೆಯ ಬಗ್ಗೆ ಹೇಳಬೇಕು. ಅತ್ತೆಯ ಬಾಯಿ ಅಂದರೆ ಬಾಯಿ. ಅಕ್ಕ ಬಸ್ಸು ಹಿಡಿಯಲು ಹೋದ ಮೇಲೆ ದಿನವೂ ಅದೇ ಪುರಾಣ. "ಹಬಶಿ ಜನಾ ಲೇ ಅದು. ಕೂದಲಾ ನೋಡು, ತುಟಿ ನೋಡು. ಮೂಗಿನ ತುದಿಗೆ ಸಿಟ್ಟು. ಅಂಥವರನ್ನ ನಂಬಬಾರದು." ಹಬಶಿ ಎಂದರೆ ಎಂದೋ ಆಫ್ರಿಕಾದಿಂದ ಬಂದವರ ವಂಶ. ಹೀಗೆ ಹೇಳಿದ ಅತ್ತೆಯೇ ಗುಡಿಗೆ ಹೋಗುವಾಗ ರೊಕ್ಕದ ಗಲ್ಲೆಯ ಕೀಲಿ ಕೊಡುತ್ತಿದ್ದದ್ದು ಅಕ್ಕನ ಕೈಯಲ್ಲಿ. ಒಂದೇ ಕೊಡದ ನೀರು, ಒಂದೇ ತಾಟು, ಮೊದಲು ರೊಟ್ಟಿ ಬಡಿಯುತ್ತಿದ್ದವಳಿಗೆ ಕೊಟ್ಟಷ್ಟೇ ಪಗಾರ. ಅಕ್ಕನ ಮಾತು ಕೇಳಿದ ಕೂಡಲೇ ಅತ್ತೆ, "ಕೊಡೂಣಂತ. ಏನ್ ಮಹಾ! ಹುಡುಗೀನ ಕರಕೊಂಡ ಬಾ ಬೇ" ಎಂದುಬಿಟ್ಟಳು. ಬಾಯಲ್ಲಿ ವಿಷ, ಕೈಯಲ್ಲಿ ನ್ಯಾಯ. ನನಗೆ ಆಗ ತಲೆಬುಡ ತಿಳಿಯಲಿಲ್ಲ.

ಕೊನೆಯ ಮಾತು ಮಾತ್ರ ಮಾವನದು, ಅವರು ಅತ್ತೆಗೆ ಪೂರ್ತಿ ಉಲ್ಟಾ. ಅವರ ಬಾಯಿಂದ ಯಾವ ಜನರ ಬಗ್ಗೆಯೂ ಒಂದು ಕೆಟ್ಟ ಮಾತು ಬಂದದ್ದನ್ನು ನಾನು ಕೇಳಿಲ್ಲ. ಅತ್ತೆ ಹಬಶಿ ಪುರಾಣ ತೆಗೆದರೆ, "ಸಾಕು ಮಾಡು, ಎಲ್ಲಾರೂ ದೇವರ ಮಕ್ಕಳು" ಎಂದು ತಡೆಯುತ್ತಿದ್ದವರು ಅವರೇ. ಅಕ್ಕ ಮಗಳ ದಾಖಲೆಯನ್ನು, ಟಿಕೋಟಾದ ಸಾಲಿ ಬಿಡುವಾಗ ಕೊಟ್ಟ ಕಾಗದವನ್ನು, ಹೈಸ್ಕೂಲಿಗೆ ಹೆಸರು ಹಚ್ಚಿಸಿ ಕೊಡಿ ಎಂದು ಅವರ ಕೈಗೇ ಕೊಟ್ಟಿದ್ದಳು. ಮಾವ ಅದನ್ನು ಓದಿದರು, ಮಡಚಿದರು, "ನೋಡೂಣು" ಎಂದು ವಾಪಸು ಕೊಟ್ಟರು. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಆಕೆ ಒಳಗೆ ಹೋದ ಮೇಲೆ ಅತ್ತೆಗೂ ನನಗೂ ಮೆಲ್ಲಗೆ ಹೇಳಿದರು:

"ನನಗ ಆಕಿ ಮ್ಯಾಲ ಏನೂ ಇಲ್ಲ. ಬಂಗಾರದಂಥಾ ಹೆಣ್ಣಮಗಳು. ಆದ್ರ ಕಾಗದದಾಗ, ಜಾತಿ ಖಾನೇದಾಗ, ಹಬಶಿ ಅಂತ ಐತಿ. ಬಡಸಾಕ ಗೊತ್ತಿದ್ದ ಮನಿತನದವರನ್ನ ಇಡೂದು ನಮ್ಮ ಪದ್ಧತಿ. ಮಂದಿ ಏನಂತಾರ?"

ಗೊತ್ತಿದ್ದ ಮನೆತನ! ಆ ಪದ್ಧತಿಯಲ್ಲಿ ಯಾರ ಹೆಸರೂ ಇರಲಿಲ್ಲ. ಇಂಥವರು ಬೇಡ ಎಂದು ಎಲ್ಲಿಯೂ ಬರೆದಿರಲಿಲ್ಲ. ಆದರೆ ಮಾವನಿಗೆ ಗೊತ್ತಿದ್ದ ಮನೆತನಗಳೆಲ್ಲ ಅವರಂಥವೇ. ಹಾಗಾಗಿ ಬಾಗಿಲು ತೆರೆದೇ ಇತ್ತು, ಒಳಗೆ ಬರುವವರು ಮಾತ್ರ ಯಾವಾಗಲೂ ಅದೇ ಜನ.

ಆ ವರ್ಷವೇ ನಮಗೆ ಸಮಾಜಶಾಸ್ತ್ರದಲ್ಲಿ ಜನಾಂಗದ ಪಾಠ ಆಗಿತ್ತು. ಕಲಿಸುತ್ತಿದ್ದ ಸರ್ ನಮ್ಮ ಖಾನಾವಳಿಯಲ್ಲೇ ತಿಂಗಳ ಊಟದವರು. ಒಳ್ಳೆಯ ಪಾಠ ಹೇಳುತ್ತಿದ್ದರು, ಅದನ್ನು ಇಲ್ಲ ಎನ್ನಲಾರೆ. ಹಿಂದೊಮ್ಮೆ ದೊಡ್ಡ ದೊಡ್ಡ ಪಂಡಿತರು ಮೂಗು, ತಲೆಬುರುಡೆ ಅಳೆದು ಮನುಷ್ಯರನ್ನು ಜನಾಂಗಗಳೆಂದು ವಿಂಗಡಿಸಲು ಹೊರಟಿದ್ದರು ಎಂದು ಹೇಳಿ, ನಮ್ಮ ಕೈಗೂ ದಾರ ಮತ್ತು ಅಳತೆಪಟ್ಟಿ ಕೊಟ್ಟರು. ಒಬ್ಬರ ಮೂಗು ಒಬ್ಬರು ಅಳೆದೆವು, ಮುಂಗೈ ಜೋಡಿಸಿ ಬಣ್ಣದ ಪ್ರಕಾರ ಸಾಲಾಗಿ ನಿಂತೆವು. ಬಹಳ ನಗೆಯಾಯಿತು. ಒಂದೇ ಮನೆಯ ಇಬ್ಬರು ಅಕ್ಕತಂಗಿಯರು ಸಾಲಿನ ಎರಡು ತುದಿಗೆ ಹೋದರು. ಊರು, ಕುಲ, ಧರ್ಮ ಬೇರೆಯಾದವರು ಒಬ್ಬರ ಪಕ್ಕ ಒಬ್ಬರು ಬಂದರು. "ಈಗ ಈ ಸಾಲನ್ನು ಎಲ್ಲಿ ಕತ್ತರಿಸುತ್ತೀರಿ?" ಎಂದು ಸರ್ ಕೇಳಿದರು. ಯಾರಿಗೂ ಜಾಗ ಸಿಗಲಿಲ್ಲ. ಒಂದು ಗುಂಪಿನ ಒಳಗಿನ ಅಂತರವೇ ಎರಡು ಗುಂಪುಗಳ ನಡುವಿನ ಅಂತರಕ್ಕಿಂತ ದೊಡ್ಡದು, ಗೆರೆ ನಿಸರ್ಗ ಎಳೆದದ್ದಲ್ಲ, ನಾವು ಎಳೆದದ್ದು ಎಂದರು.

ಹಬಶಿ ಎಂಬ ಮಾತನ್ನೂ ಅವರೇ ಬಿಡಿಸಿ ಹೇಳಿದ್ದರು. ಆಫ್ರಿಕಾದ ಬೇರೆ ಬೇರೆ ನಾಡುಗಳಿಂದ, ಬೇರೆ ಬೇರೆ ಮಾತಾಡುವ ಜನರನ್ನು ಗುಲಾಮರಾಗಿ, ಸಿಪಾಯಿಗಳಾಗಿ ಕಡಲು ದಾಟಿಸಿ ತಂದರು. ತಮ್ಮ ನಾಡಿನಲ್ಲಿ ಅವರು ಒಂದೇ ಜನ ಆಗಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಎಲ್ಲರಿಗೂ ಒಂದೇ ಹೆಸರು ಬಿತ್ತು. ಆದಿಲಶಾಹಿ ಕಾಲದಲ್ಲಿ ಇದೇ ವಿಜಾಪುರದಲ್ಲಿ ಹಬಶಿ ಎಂದರೆ ಸರದಾರ, ದಿವಾನ. ಜನ ಎದ್ದು ನಿಲ್ಲುತ್ತಿದ್ದ ಹೆಸರು. ಅದೇ ಹೆಸರು ನಮ್ಮ ಅತ್ತೆಯ ಬಾಯಿಗೆ ಬರುವಷ್ಟರಲ್ಲಿ ಬೈಗುಳ. ಕೂದಲು ಬದಲಾಗಲಿಲ್ಲ, ಅದಕ್ಕೆ ಕೊಟ್ಟ ಅರ್ಥ ಬದಲಾಯಿತು. ಇನ್ನು ಮೈಗೆ ಸಂಬಂಧವಿಲ್ಲದೆ, ಮಾತು, ಊಟ, ಹಬ್ಬ, ನಾವು ಇಂಥವರ ವಂಶದವರು ಎಂಬ ನೆನಪು, ಇವುಗಳಿಂದ ತಮ್ಮನ್ನು ಒಂದು ಎಂದುಕೊಳ್ಳುವ ಗುಂಪಿಗೆ ಜನಾಂಗೀಯ ಸಮುದಾಯ ಎನ್ನುತ್ತಾರೆ, ಅದರ ಬೇಲಿಯೂ ಕಾಲಕಾಲಕ್ಕೆ ಸರಿಯುತ್ತದೆ ಎಂದು ಬರೆಸಿದರು.

ಕೊನೆಗೆ ಹಲಗೆಯ ಮೇಲೆ ಎರಡು ಪದ. ಪೂರ್ವಗ್ರಹ ಮನಸ್ಸಿನಲ್ಲಿರುವುದು: ಒಬ್ಬರನ್ನು ಅರಿಯುವ ಮೊದಲೇ ಅವರ ಗುಂಪು ನೋಡಿ ಇಂಥವರು ಎಂದು ತೀರ್ಮಾನಿಸುವುದು. ತಾರತಮ್ಯ ಕೈಯಲ್ಲಿರುವುದು: ಆ ಗುಂಪಿನವರು ಎಂಬ ಕಾರಣಕ್ಕೆ ಅವರಿಗೆ ಸಿಗಬೇಕಾದದ್ದನ್ನು ಕೊಡದಿರುವುದು. ಒಂದಿದ್ದ ಕಡೆ ಇನ್ನೊಂದು ಇರಲೇಬೇಕೆಂದಿಲ್ಲ. ಮಾವನ ಮಾತು ಕೇಳಿದ ರಾತ್ರಿ ಆ ಟಿಪ್ಪಣಿ ತೆಗೆದು ಓದುವಾಗ ನನಗೆ ಅತ್ತೆ, ಮಾವ ಇಬ್ಬರೂ ಕಣ್ಣ ಮುಂದೆ ಬಂದು ನಿಂತರು. ಪೂರ್ವಗ್ರಹ ಮೈತುಂಬ ಇದ್ದೂ ತಾರತಮ್ಯ ಮಾಡದವಳು ಅತ್ತೆ. ಪೂರ್ವಗ್ರಹ ಚೂರೂ ಇಲ್ಲದೆ ತಾರತಮ್ಯ ಮಾಡುವವರು ಮಾವ. ಅಕ್ಕನಿಗೆ ಪೆಟ್ಟು ಬೀಳುತ್ತಿದ್ದದ್ದು ಒಳ್ಳೆಯ ಮನಸ್ಸಿನ ಮಾವನಿಂದ.

ಮಂದಿ ಏನಂತಾರ ಎಂದು ಮಾವ ಅಂದದ್ದಕ್ಕೆ ನಾನು ಮಂದಿಯನ್ನೇ ಕೇಳಲು ಹೊರಟೆ. ಊಟಕ್ಕೆ ಬರುವ ಕಾಳಿನ ಅಂಗಡಿಯವರನ್ನು ಕೇಳಿದೆ. "ನಂದೇನ್ ಇಲ್ಲವಾ, ಆದ್ರ ಉಳದವರು ಒಪ್ಪಬೇಕಲ್ಲ." ಕಚೇರಿಯ ಗುಮಾಸ್ತರನ್ನು ಕೇಳಿದೆ. "ನಾನು ಉಣ್ತೇನಿ. ಅಂಗಡಿಯವರು ಬರೂದು ಬಿಟ್ಟಾರು ನೋಡು." ಸರ್ ಅವರನ್ನೇ ಕೇಳಿದೆ. ಅವರು ಚಟ್ನಿ ಕಲಸುತ್ತ, "ನನಗ ಏನೂ ಅಭ್ಯಂತರ ಇಲ್ಲ. ಆದ್ರ ಇದು ನಿಮ್ಮ ಮಾವನ ಧಂದೆ. ನಾನು ನಡುವ ಬರೂದು ಚಲೋ ಅಲ್ಲ" ಎಂದರು. ಎಲ್ಲರಿಗೂ ಉಳಿದವರ ಭಯ. ಆ ಉಳಿದವರು ಯಾರು ಎಂದು ಹುಡುಕಿ ಹುಡುಕಿ ನನಗೆ ಸಾಕಾಯಿತು, ಒಬ್ಬರೂ ಸಿಗಲಿಲ್ಲ.

ಆಗ ನನ್ನ ಬುದ್ಧಿ ಓಡಿತು. ಓಡಬಾರದಿತ್ತು. ಅಕ್ಕನ ತವರು ಬಬಲೇಶ್ವರದ ಹತ್ತಿರದ ಒಂದು ವಸ್ತಿ ಎಂದು ಗೊತ್ತಿತ್ತು. ವಾರದ ಸಂತೆಯ ದಿನ ಊರಿಗೆ ಹೋಗಿ ಆಯಿಯನ್ನು ಕೇಳಿದೆ. ಆಯಿ ಕೂತಲ್ಲಿಂದಲೇ ನಕ್ಕಳು. "ಅವರ್ಯಾಕ ಹಬಶಿ ಆಗತಾರ ಯಪ್ಪಾ! ಕುರಿ ಕಾಯೂ ಮಂದಿ, ಆಕೀನ ಕೊಟ್ಟದ್ದೂ ತಮ್ಮ ಕುಲದಾಗನ. ಆಕಿ ಅಜ್ಜಿ ಸಂತಿಗೆ ಬೆಣ್ಣಿ ತರತಿದ್ಲು. ಕೂದಲಾ? ಕೂದಲಾ ನಮ್ಮವ್ವಂದೂ ಹಂಗ ಇದ್ದುವು, ನಿಂದೂ ಹಂಗ ಅದಾವ. ಎಲ್ಲಿಂದ ಬಂದುವು ಅಂತ ಯಾರಿಗೆ ಗೊತ್ತು?" ಎಲ್ಲಿಂದ ಬಂದವು ಎಂದು ಯಾರಿಗೂ ಗೊತ್ತಿಲ್ಲ, ಸರಿ. ಆದರೆ ನಮ್ಮನ್ನು ಯಾರೂ ಕೇಳಿರಲಿಲ್ಲ. ಆ ಮಾತು ಅಲ್ಲೇ ನನಗೆ ಹೊಳೆಯಬೇಕಿತ್ತು. ನಾನು ಮಾತ್ರ ಸಾಕ್ಷಿ ಸಿಕ್ಕಿತು ಎಂದು ಕುಣಿಯುತ್ತ ವಿಜಾಪುರಕ್ಕೆ ಬಂದೆ.

ಮರುದಿನ ಅಕ್ಕನಿಗೆ, "ದಾಖಲೆ ಕೊಡು, ಒಂದು ಸಣ್ಣ ಕೆಲಸ ಐತಿ" ಎಂದೆ. ಏನು ಕೆಲಸ ಎಂದು ಆಕೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಮರಳಿ ಕೊಡುವಾಗ ಆಕೆಯ ಮುಖ ಹೇಗೆ ಅರಳುತ್ತದೆ ಎಂದು ಅಥಣಿ ರಸ್ತೆಯ ಬಸ್ಸಿನಲ್ಲಿ ಕೂತು ಕನಸು ಕಂಡೆ. ಆ ಬಸ್ಸಿನಲ್ಲಿ ಒಬ್ಬ ರೈತ ಕಂಡಕ್ಟರನ ಜೊತೆ ಜಗಳ ತೆಗೆದಿದ್ದ. ತಿಕೀಟಿನ ದರ ಬದಲಾಗುವ ಸ್ಟೇಜಿನ ಕಲ್ಲು ದಾಟಿ ನಾಲ್ಕು ಮಾರು ಮುಂದೆ ಇಳಿದನೆಂದು ಕಂಡಕ್ಟರ್ ಹೆಚ್ಚಿಗೆ ತಿಕೀಟು ಕೇಳುತ್ತಿದ್ದ. "ರಸ್ತಾ ಒಂದ ಐತಿ, ನಡುವ ಎಲ್ಲಿ ಐತಿ ನಿನ್ನ ಸ್ಟೇಜು?" ಎಂದು ರೈತ. ರಸ್ತೆಯಲ್ಲಿ ಸ್ಟೇಜು ಇರಲಿಲ್ಲ, ಡಾಂಬರು ಅಲ್ಲಿಯೂ ಇಲ್ಲಿಯೂ ಅದೇ. ಆದರೂ ರೊಕ್ಕ ಖರೇನೇ ಕೊಡಬೇಕಾಯಿತು. ಜನಾಂಗವೂ ಹೀಗೆಯೇ, ಮನುಷ್ಯರು ನೆಟ್ಟ ಕಲ್ಲು, ಆದರೆ ಅದರಿಂದಾಗುವ ನಷ್ಟ ಮಾತ್ರ ಸುಳ್ಳಲ್ಲ ಎಂದು ನನಗೆ ನಾನೇ ಪಾಠ ಹೇಳಿಕೊಂಡು ಬೀಗಿದೆ. ಹೋಗುತ್ತಿದ್ದದ್ದು ಆ ಕಲ್ಲನ್ನು ಕೀಳಲಿಕ್ಕಲ್ಲ. ಅಕ್ಕನನ್ನು ಅದರ ಈಚೆಗೆ ಎಳೆದುಕೊಳ್ಳಲಿಕ್ಕೆ.

ಟಿಕೋಟಾದ ಸಾಲಿಯ ಹೆಡ್ ಮಾಸ್ತರರು ಸಜ್ಜನರು. ಹಬಶಿ ಎಂದು ಯಾಕೆ ಬರೆದಿರಿ ಎಂದು ಕೇಳಿದ್ದಕ್ಕೆ ಸ್ವಲ್ಪವೂ ಮುಜುಗರವಿಲ್ಲದೆ ಹೇಳಿದರು. "ಹೆಸರು ಹಚ್ಚಾಕ ಹುಡುಗಿ ಅಪ್ಪ ಬಂದಿರಲಿಲ್ಲ, ಯಾರೋ ಓಣಿಯವರು ಕರಕೊಂಡ ಬಂದಿದ್ರು. ಆ ಖಾನೆ ತುಂಬಬೇಕಲ್ಲ? ಮಾರಿ ನೋಡಿದ್ನಿ, ಬರದ್ನಿ." ಇಷ್ಟೇ. ಮುಖ ನೋಡಿ ಕಾಗದ ಬರೆದದ್ದು. ವಿಜಾಪುರದಲ್ಲಿ ಮಾವ ಕಾಗದ ನೋಡಿ ಮುಖವನ್ನು ಅರ್ಥ ಮಾಡಿಕೊಂಡದ್ದು. ಸುತ್ತಿ ಸುತ್ತಿ ಅದೇ ಜಾಗ. ಆಯಿ ಹೇಳಿದ್ದನ್ನು ನಾನು ಹೇಳಿದೆ. "ಹಂಗಾದ್ರ ತಿದ್ದೂಣು" ಎಂದು ಮಾಸ್ತರರು ಆ ಪದದ ಮೇಲೆ ಕೆಂಪು ಮಸಿಯಿಂದ ಒಂದು ಗೆರೆ ಎಳೆದು, ಮೇಲೆ ಕುರಿ ಕಾಯುವವರ ಕುಲದ ಹೆಸರು ಬರೆದು, ಸಹಿ ಮಾಡಿ, ಸಿಕ್ಕಾ ಒತ್ತಿದರು. ಎರಡು ನಿಮಿಷದಲ್ಲಿ ಒಬ್ಬ ಹುಡುಗಿಯ ಜನ ಬದಲಾಯಿತು. ನನಗೆ ಅದು ತಮಾಷೆ ಎನಿಸಿತು. ಸರ್ ಅವರಿಗೆ ಹೇಳಬೇಕು ಎಂದುಕೊಂಡೆ.

ಮಾವ ಕಾಗದ ನೋಡಿದವರೇ ಮಗುವಿನ ಹಾಗೆ ನಕ್ಕರು. ಸುಳ್ಳು ನಗೆಯಲ್ಲ, ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಅಡಿಗೆಮನೆಯ ತನಕ ತಾವೇ ಬಂದು, "ಎಲ್ಲಾ ಸರಿ ಆತವಾ. ನಾಳಿಂದ ನೀನ ಬಡಸು. ಖೋಲಿ ಕೀಲಿ ಇಕಾ. ಹುಡುಗೀನ ಕರಕೊಂಡ ಬಾ" ಎಂದರು. ಅಕ್ಕ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಎದ್ದಳು. ಕೀಲಿಗೆ ಕೈ ಚಾಚುವ ಮೊದಲು ದಾಖಲೆಯ ಮೇಲಿನ ಕೆಂಪು ಗೆರೆ ಕಂಡಿತು.

"ಇದೇನ್ ತಂಗಿ, ಕೆಂಪಂದು?"

"ತಪ್ಪ ಇತ್ತಕ್ಕಾ. ನಾನ ಹೋಗಿ ತಿದ್ದಿಸಿದ್ನಿ."

"ಏನಂತ ಇತ್ತು?"

ಓದಿ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ, ಅದನ್ನು ಈಗ ಬಚ್ಚಿಡಲಾರೆ. ಹಬಶಿ ಅಂತ ಇದ್ದದ್ದರಿಂದ ಮಾವ ಹಿಂದೆಮುಂದೆ ನೋಡುತ್ತಿದ್ದರು, ಈಗ ಇಲ್ಲ ಎಂದೂ ಸೇರಿಸಿದೆ. ಅಕ್ಕ ಮಾವನ ಮುಖ ನೋಡಿದಳು. ಮಾವ ನೆಲ ನೋಡಿದರು. ಹಂಚಿನ ಮೇಲಿದ್ದ ರೊಟ್ಟಿ ಸೀದು ವಾಸನೆ ಬಂತು. ಆಕೆಯ ರೊಟ್ಟಿ ಸೀದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅಣ್ಣಾರ, ಮೂರ ವರ್ಷ ನನ್ನ ಕೈ ರೊಟ್ಟಿ ಉಂಡೀರಿ. ಹಬಶಿ ಇದ್ನೆಪಾ ಅಂತ ತಿಳೀರಿ. ಆ ರೊಟ್ಟಿ ಕಹಿ ಆಗತಾವೇನು?"

ಮಾವ ಏನೋ ಹೇಳಲು ಹೋದರು. ಆಕೆ ಬಿಡಲಿಲ್ಲ.

"ನಾನು ಅದಲ್ಲ ಅಂತ ಕೆಲಸಾ ಕೊಡಾಕತ್ತೀರಿ. ನಾಳಿ ಯಾರರೆ ಬಂದು ಅದು ಹೌದು ಅಂದ್ರ ಖೋಲಿ ಖಾಲಿ ಮಾಡಸ್ತೀರಿ. ನನ್ನ ಕೈ ನೋಡಿ ಕೊಡ್ತಿದ್ರ ತಗೋತಿದ್ನಿ." ಆಮೇಲೆ ನನ್ನ ಕಡೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಒಂದ ಮಾತ ಕೇಳಬೇಕಿತ್ತಲ್ಲ ತಂಗಿ. ಇದ್ದದ್ದ ಇದ್ದಿದ್ರ ಸಾಲ್ಯಾಗ ಯಾರೂ ತಿರುಗಿ ನೋಡತಿದ್ದಿಲ್ಲ. ಈಗ ಈ ಕಾಗದಾ ಹಿಡದವರೆಲ್ಲ ಮೊದಲ ಕೇಳೂದು, ಗೆರಿ ಕೆಳಗ ಏನೈತಿ ಅಂತ."

ಅಂದಿನ ರೊಟ್ಟಿಯನ್ನೆಲ್ಲ ಬಡಿದು ಮುಗಿಸಿ, ಒಲೆ ಸಾರಿಸಿ, ಕೊನೆಯ ಬಸ್ಸಿಗೆ ಹೋದಳು. ಅತ್ತೆ ಬಸ್ ಸ್ಟ್ಯಾಂಡಿನ ತನಕ ಬೆನ್ನು ಹತ್ತಿ, ಬೈದು, ಕೈ ಹಿಡಿದು ಎಳೆದು, ಅತ್ತು ಬಂದಳು. "ಸೊಕ್ಕಿನ ಜನಾ ಲೇ, ಹೇಳಿದ್ನಿಲ್ಲ" ಎಂದಳು, ಮೂಗು ಒರೆಸಿಕೊಳ್ಳುತ್ತ. ಮರುದಿನವೂ ಅಕ್ಕ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಹದಿನೈದು ದಿನದಲ್ಲಿ ಎಲ್ಲಿಂದಲೋ ಬಂದ ಒಬ್ಬ ಹೆಂಗಸಿಗೆ ಬಡಿಸುವ ಕೆಲಸ, ಖೋಲಿ ಎರಡೂ ಸಿಕ್ಕವು. ಅವಳ ಮನೆತನ ಯಾವುದೆಂದು ಮಾವನಿಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಲು ಕಾಗದವನ್ನೂ ಕೇಳಲಿಲ್ಲ. ನೀಟಾಗಿ ಎಣ್ಣೆ ಹಚ್ಚಿ ಬಾಚಿದ ನೆಟ್ಟನೆಯ ಕೂದಲು, ಗೋದಿ ಬಣ್ಣ. ಸರ್ ಮೊದಲ ದಿನವೇ ಆಕೆಯ ಕೈಯಿಂದ ಎರಡನೆಯ ಸಲ ಪಲ್ಯ ಹಾಕಿಸಿಕೊಂಡರು.

ವಾರ್ಷಿಕ ಪರೀಕ್ಷೆಯಲ್ಲಿ ಪೂರ್ವಗ್ರಹಕ್ಕೂ ತಾರತಮ್ಯಕ್ಕೂ ವ್ಯತ್ಯಾಸ ಬರೆಯಿರಿ, ಉದಾಹರಣೆ ಕೊಡಿ ಎಂದು ಬಂತು. ನಾನು ಪುಸ್ತಕದಲ್ಲಿದ್ದ ಯಾವುದೋ ದೂರದ ದೇಶದ ಉದಾಹರಣೆ ಕೊಟ್ಟೆ. ಒಳ್ಳೆಯ ಅಂಕ ಬಂದವು. ನಾನು ಮಾಡಿದ್ದಕ್ಕೆ ಆ ಎರಡು ಪದಗಳಲ್ಲಿ ಯಾವುದನ್ನು ಹಚ್ಚಬೇಕೆಂದು ಮಾತ್ರ ಯಾರೂ ಕೇಳಲಿಲ್ಲ. ಅಕ್ಕನ ಬಗ್ಗೆ ನನಗೆ ಪೂರ್ವಗ್ರಹ ಇರಲಿಲ್ಲ ಎಂದೇ ಆಗ ನಂಬಿದ್ದೆ. ಆದರೆ ಹಬಶಿ ಆಗಿದ್ದರೆ ಆಕೆಗೆ ಖೋಲಿ ಸಿಗದಿದ್ದರೂ ನಡೆಯುತ್ತದೆ ಎಂಬ ಮಾವನ ಲೆಕ್ಕವನ್ನು ನಾನೂ ಒಪ್ಪಿಕೊಂಡೇ ಬಸ್ಸು ಹತ್ತಿದ್ದೆನಲ್ಲ.

ಒಂದೂವರೆ ವರ್ಷದ ಮೇಲೆ ಅಥಣಿಗೆ ಹೋಗುವಾಗ ಬಸ್ಸು ಟಿಕೋಟಾದಲ್ಲಿ ನಿಂತಿತು. ರಸ್ತೆಯ ಅಂಚಿನಲ್ಲಿ ಅಕ್ಕನದೇ ಮುಖ, ಅದೇ ಗುಂಗುರು ಕೂದಲು: ಆಕೆಯ ಮಗಳು ತಲೆಯ ಮೇಲೆ ಜೋಳದ ಕಣಿಕೆಯ ಹೊರೆ ಹೊತ್ತು ಬಸ್ಸು ಹೋಗಲಿ ಎಂದು ಕಾಯುತ್ತಿದ್ದಳು. ಹೈಸ್ಕೂಲಿನಲ್ಲಿ ಇರಬೇಕಾದ ವಾರದ ದಿನ, ಹಗಲು ಹನ್ನೊಂದು ಗಂಟೆ. ಕಿಟಕಿಯಿಂದ ನಾನು ನೋಡುತ್ತಿದ್ದೆ. ಹುಡುಗಿ ಹಣೆಗೆ ಅಂಟಿದ ಕೂದಲನ್ನು ಮೊಣಕೈಯಿಂದ ಹಿಂದೆ ತಳ್ಳಿಕೊಂಡಳು. ನಾನೂ ಅದೇ ಹೊತ್ತಿಗೆ ನನ್ನ ಹಣೆಯ ಮೇಲಿನ ಕೂದಲನ್ನು ಹಿಂದೆ ತಳ್ಳಿಕೊಳ್ಳುತ್ತಿದ್ದೆ.

ನನ್ನ ಸಾಲಿಯ ದಾಖಲೆ ಈಗಲೂ ಟ್ರಂಕಿನಲ್ಲಿದೆ. ಆ ಖಾನೆಯಲ್ಲಿ ಅಪ್ಪ ಹೇಳಿದ್ದನ್ನು ಮಾಸ್ತರರು ಬರೆದುಕೊಂಡಿದ್ದಾರೆ. ಯಾರೂ ನನ್ನ ಮುಖ ನೋಡಿ ಬರೆದಿಲ್ಲ, ಅದರ ಮೇಲೆ ಒಂದು ಗೆರೆಯೂ ಇಲ್ಲ.